ಟಿವಿ ಆರದೆ ಗೇಮ್ ಕನ್ಸೋಲ್ ಮಾತ್ರ ಆರುವುದೇಕೆ?

ಪ್ರಶ್ನೆ: ತಂಗಿ ದುಬೈನಿಂದ ತಂದುಕೊಟ್ಟ ಪ್ಲೇಸ್ಟೇಷನ್ 5 ನಮ್ಮ ಮನೆಯಲ್ಲಿದೆ. ಸಂಜೆ ಏಳರ ನಂತರ ಮಗ ಆಡುತ್ತಿರುವಾಗ ಅದು ಯಾವ ಸೂಚನೆಯೂ ಇಲ್ಲದೆ ಪಟ್ಟನೆ ಆಫ್ ಆಗುತ್ತದೆ. ಅದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿರುವ ಟಿವಿಗೆ ಏನೂ ಆಗುವುದಿಲ್ಲ. ಬೆಳಿಗ್ಗೆ ಆಡಿದರೆ, ಇಲ್ಲವೇ ಸಿನಿಮಾ ಹಾಕಿಕೊಂಡರೆ ತೊಂದರೆಯಿಲ್ಲ. ಫ್ರಿಜ್ಜಿನ ಸ್ಟೆಬಿಲೈಸರ್ ಸಂಜೆ ಹೊತ್ತು 180ರ ಆಸುಪಾಸು ತೋರಿಸುತ್ತದೆ, ರಾತ್ರಿ ಹನ್ನೊಂದರ ಮೇಲೆ 250 ದಾಟುತ್ತದೆ. ಒಬ್ಬರು ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು 4 ಕೆವಿಎ ಸ್ಟೆಬಿಲೈಸರ್ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಹೊಳಲ್ಕೆರೆ ತಾಲ್ಲೂಕಿನ ಓದುಗರು

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಕೆಟ್ಟುಹೋದ ಮದರ್‌ಬೋರ್ಡ್ ಗಡಿಯಾರ ನೋಡಿಕೊಂಡು ಸಂಜೆಯೇ ಕೈಕೊಡುವುದಿಲ್ಲ. ಬೆಳಿಗ್ಗೆ ಅದೇ ಆಟ ಸರಾಗವಾಗಿ ನಡೆಯುತ್ತದೆ ಎಂದರೆ ದೋಷ ಯಂತ್ರದ ಹೊರಗಿರುವ ಸಾಧ್ಯತೆಯೇ ಹೆಚ್ಚು. ಸ್ಟೆಬಿಲೈಸರ್ ನಿಮಗೆ ಬೇಕಾಗಬಹುದು, ಆದರೆ ಅದು ಸಂಜೆಯ 180ಕ್ಕಾಗಿ ಅಲ್ಲ, ರಾತ್ರಿಯ 250ಕ್ಕಾಗಿ. ಮತ್ತು 4 ಕೆವಿಎಯದಂತೂ ಖಂಡಿತ ಬೇಡ. ಅದಕ್ಕೂ ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್ಟಿನಿಂದ ಯಂತ್ರದ ಬೆನ್ನಿನವರೆಗಿನ ಆ ಮೂರು ಮೀಟರ್ ದಾರಿಯನ್ನು.

ಕನ್ಸೋಲಿನೊಳಗೆ ಒಂದು ಪವರ್ ಸಪ್ಲೈ ಇರುತ್ತದೆ. ಮೊಬೈಲ್ ಚಾರ್ಜರಿನದೇ ಜಾತಿ, ಗಾತ್ರದಲ್ಲಿ ಮಾತ್ರ ದೊಡ್ಡದು. ಇಂತಹ ಸಪ್ಲೈಗಳನ್ನು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ಎಲ್ಲಿ ಬೇಕಾದರೂ ಕೆಲಸ ಮಾಡುವಂತೆ ರೂಪಿಸಿರುತ್ತಾರೆ. ನಿಮ್ಮ ಯಂತ್ರದ ಲೇಬಲ್ಲನ್ನು ಒಮ್ಮೆ ಓದಿ ನೋಡಿ. ಕೆಲವು ದೇಶಗಳ ಮಾದರಿಗಳಲ್ಲಿ 220–240 ಎಂದಷ್ಟೇ ನಮೂದಿಸಿದ್ದರೂ ಒಳಗಿನ ಘಟಕ ಅದಕ್ಕಿಂತ ಕೆಳಗೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಹಾಗಾಗಿ ವೋಲ್ಟೇಜ್ ನಿಧಾನವಾಗಿ 180ಕ್ಕೆ ಇಳಿದು ಅಲ್ಲೇ ಸ್ಥಿರವಾಗಿ ನಿಂತರೆ, ಆ ಒಂದೇ ಕಾರಣಕ್ಕೆ ಕನ್ಸೋಲ್ ಆರುವುದು ಅಪರೂಪ. ಹಳೆಯ ಟ್ರಾನ್ಸ್‌ಫಾರ್ಮರ್ ಟಿವಿಗಳ ಕಾಲದಲ್ಲಿ ಕಡಿಮೆ ವೋಲ್ಟೇಜಿಗೆ ಚಿತ್ರ ಕುಗ್ಗಿ ಪರದೆಯ ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತಿದ್ದುದನ್ನು ನೋಡಿದವರಿಗೆ ಇದನ್ನು ನಂಬುವುದು ಕಷ್ಟ. ಆದರೆ ಇಂದಿನ ಸಪ್ಲೈಗಳ ಸ್ವಭಾವವೇ ಬೇರೆ.

ಇವು ತಾಳಲಾರದ ವಿಷಯವೆಂದರೆ ವಿದ್ಯುತ್ತು ಕಡಿದುಹೋಗುವುದು. ಒಳಗಿರುವ ಒಂದು ದಪ್ಪ ಕೆಪಾಸಿಟರ್ ಚೂರು ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಹೊರಗಿನ ಸರಬರಾಜು ನಿಂತ ಕ್ಷಣ ಯಂತ್ರ ಆ ಉಳಿತಾಯದ ಮೇಲೆ ಬದುಕುತ್ತದೆ, ಆದರೆ ಪೂರ್ತಿ ಭಾರದಲ್ಲಿ ಆ ಉಳಿತಾಯ ಬರುವುದು ಸುಮಾರು 15ರಿಂದ 20 ಮಿಲಿಸೆಕೆಂಡು ಮಾತ್ರ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತನದ ಅವಧಿಯೂ ಅಷ್ಟೇ, 20 ಮಿಲಿಸೆಕೆಂಡು. ಕಣ್ಣು ಮಿಟುಕಿಸಲು ಇದರ ಐದಾರು ಪಟ್ಟು ಹೊತ್ತು ಬೇಕು. ಎಂದರೆ ಪ್ಲಗ್ಗಿನ ಪಿನ್ನು ಸಾಕೆಟ್ಟಿನೊಳಗೆ ನಿಮ್ಮ ಕಣ್ಣಿಗೆ ಕಾಣದಷ್ಟು ಹೊತ್ತು ಸಂಪರ್ಕ ತಪ್ಪಿಸಿಕೊಂಡರೂ ಕನ್ಸೋಲಿನ ಪಾಲಿಗೆ ಅದು ಕರೆಂಟು ಹೋದಂತೆಯೇ. ಒಮ್ಮೆ ಆರಿದ ಮೇಲೆ ಅದು ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಗುಂಡಿ ಒತ್ತುವವರೆಗೂ ಕತ್ತಲೆಯಲ್ಲೇ ಕೂರುತ್ತದೆ.

ಟಿವಿ ಏಕೆ ಆರುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮೊದಲನೆಯದಾಗಿ ಅದರ ಪಿನ್ನು ಬೇರೆ ತೂತಿನಲ್ಲಿದೆ, ಅಲ್ಲಿನ ಸಂಪರ್ಕ ಗಟ್ಟಿಯಾಗಿರಬಹುದು. ಎರಡನೆಯದಾಗಿ ಟಿವಿ ಎಳೆದುಕೊಳ್ಳುವ ವಿದ್ಯುತ್ತು ಕಡಿಮೆ, ಆದ್ದರಿಂದ ಅದರ ಕೆಪಾಸಿಟರಿನ ಉಳಿತಾಯ ಇನ್ನಷ್ಟು ಹೊತ್ತು ಬಾಳುತ್ತದೆ. ಸಿನಿಮಾ ನೋಡುವಾಗ ಕನ್ಸೋಲೂ ಇದೇ ಲೆಕ್ಕಕ್ಕೆ ಸೇರುತ್ತದೆ. ಭಾರಿ ಆಟ ನಡೆಯುವಾಗ ಪಿಎಸ್ 5 ಸುಮಾರು 200 ವ್ಯಾಟ್ ತಿನ್ನುತ್ತದೆ; ಮೆನುವಿನಲ್ಲಿ ಸುಮ್ಮನೆ ನಿಂತಾಗ ಅದರ ಕಾಲು ಭಾಗದಷ್ಟು ಸಾಕು. ‘ಆಟದಲ್ಲಿ ಮಾತ್ರ ಆರುತ್ತದೆ’ ಎಂಬ ಒಂದೇ ಲಕ್ಷಣ ಹಿಡಿದು ಮದರ್‌ಬೋರ್ಡಿನ ಮೇಲೆ ತಪ್ಪು ಹೊರಿಸುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಬಿಸಿಯಿಂದ ಆರುತ್ತಿದೆ ಎಂಬ ಊಹೆಯನ್ನೂ ಪಕ್ಕಕ್ಕಿಡಬಹುದು. ಪಿಎಸ್ 5 ಮಿತಿಮೀರಿ ಬಿಸಿಯಾದಾಗ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ನಿಮ್ಮದು ಯಾವ ಸೂಚನೆಯನ್ನೂ ಕೊಡುತ್ತಿಲ್ಲ.

ಇನ್ನು ಸಂಜೆಯೇ ಏಕೆ? ಕಡಿಮೆ ವೋಲ್ಟೇಜು ನೇರವಾಗಿ ತಪ್ಪಿತಸ್ಥ ಅಲ್ಲದಿದ್ದರೂ ಅದು ಹಿಂಬಾಗಿಲಿನಿಂದ ಬರುವುದು ಇಲ್ಲೇ. ಕನ್ಸೋಲಿಗೆ 200 ವ್ಯಾಟ್ ಬೇಕೆಂದರೆ ಬೇಕೇ. ವೋಲ್ಟೇಜು ಇಳಿದರೆ ಅದು ಅಷ್ಟೇ ಶಕ್ತಿಗಾಗಿ ಹೆಚ್ಚು ಆಂಪಿಯರ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಸುಮಾರು 0.9 ಆಂಪಿಯರ್ ಇದ್ದದ್ದು 170ಕ್ಕೆ ಇಳಿದಾಗ 1.2 ಆಗುತ್ತದೆ. ಅಷ್ಟೇನೂ ದೊಡ್ಡ ಏರಿಕೆಯಲ್ಲ ಅನ್ನಿಸಬಹುದು. ಆದರೆ ಸಡಿಲ ಸಂಪರ್ಕದಲ್ಲಿ ಹುಟ್ಟುವ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪಿನ್ನು ಮತ್ತು ಅದನ್ನು ಸಾಕೆಟ್ಟಿನೊಳಗೆ ಹಿಡಿಯುವ ಹಿತ್ತಾಳೆ ಪಟ್ಟಿಯ ನಡುವೆ ಎರಡು ಓಮ್ ಪ್ರತಿರೋಧ ಕೂತಿದೆ ಎಂದುಕೊಳ್ಳಿ. ಬೆಳಿಗ್ಗೆ ಅಲ್ಲಿ ಒಂದೂವರೆ ವ್ಯಾಟ್ ಬಿಸಿ ಹುಟ್ಟಿದರೆ, ಸಂಜೆ ಅದೇ ಜಾಗದಲ್ಲಿ ಎರಡು ಮುಕ್ಕಾಲು ವ್ಯಾಟ್‌ಗಿಂತ ಹೆಚ್ಚು ಹುಟ್ಟುತ್ತದೆ. ಅದೂ ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ. ಪಟ್ಟಿ ಬಿಸಿಯಾಗಿ ಅದರ ಸ್ಪ್ರಿಂಗ್ ಬಿಗಿ ಸಡಿಲವಾಗುತ್ತದೆ, ಮೇಲ್ಮೈ ಕಪ್ಪಾಗುತ್ತದೆ, ಪ್ರತಿರೋಧ ಇನ್ನೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಸಣ್ಣ ಕಿಡಿ ಹಾರಿ ಕ್ಷಣಕಾಲ ಸಂಪರ್ಕ ತಪ್ಪುತ್ತದೆ, ಕನ್ಸೋಲ್ ಆರುತ್ತದೆ. ಆರಿದ ಮೇಲೆ ಎಲ್ಲವೂ ತಣ್ಣಗಾಗುವುದರಿಂದ ನೀವು ಮತ್ತೆ ಗುಂಡಿ ಒತ್ತಿದಾಗ ಅದು ಏನೂ ಆಗಿಲ್ಲವೆಂಬಂತೆ ಹೊತ್ತಿಕೊಂಡು ಅರ್ಧ ಗಂಟೆ ಚೆನ್ನಾಗಿಯೇ ನಡೆಯುತ್ತದೆ.

ಕಳೆದ ಬೇಸಿಗೆಯಲ್ಲಿ ಶಿರಾ ಕಡೆಯಿಂದ ನನ್ನ ಬಳಿಗೆ ಹೆಚ್ಚುಕಡಿಮೆ ನಿಮ್ಮದೇ ದೂರಿನ ಯಂತ್ರವೊಂದು ಬಂದಿತ್ತು. ಮೂರು ದಿನ ನನ್ನ ಮೇಜಿನ ಮೇಲೆ ಆಡಿಸಿದರೂ ಒಮ್ಮೆಯೂ ಆರಲಿಲ್ಲ. ಮನೆಯಲ್ಲಿ ಬಳಸುತ್ತಿದ್ದ ತಂತಿ, ಬೋರ್ಡು ಎಲ್ಲವನ್ನೂ ಕಳುಹಿಸಿ ಎಂದು ಕೇಳಿ ತರಿಸಿಕೊಂಡೆ. ಬಿಳಿ ಪ್ಲಾಸ್ಟಿಕ್ಕಿನ, ನಾಲ್ಕು ತೂತಿನ, ಪ್ರತಿ ತೂತಿಗೂ ಎಲ್ಲ ದೇಶಗಳ ಪಿನ್ನು ಹಿಡಿಸುವ ಬಗೆಯ ಬೋರ್ಡು ಅದು. ಕನ್ಸೋಲ್ ಕೂರುತ್ತಿದ್ದ ತೂತಿನ ಸುತ್ತ ಪ್ಲಾಸ್ಟಿಕ್ಕು ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ತಳದ ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ನಾಲ್ಕೂ ತೂತುಗಳಿಗೆ ಸೇರಿ ಉದ್ದಕ್ಕೆ ಎರಡೇ ತೆಳು ಹಿತ್ತಾಳೆ ಪಟ್ಟಿಗಳು. ಮೂಲೆಯ ತೂತಿನ ಕಡೆ ಪಟ್ಟಿ ಬಾಯಿ ತೆರೆದುಕೊಂಡು ನಿಂತಿತ್ತು, ಅದರ ಮೇಲೆ ಮಸಿ. ತಂತಿಯನ್ನು ಸೀಳಿದಾಗ ಹೊರಗೆ ಕೆಂಪಗೆ ಕಂಡ ಎಳೆಗಳನ್ನು ಉಗುರಿನಿಂದ ಕೆರೆದರೆ ಒಳಗೆ ಬಿಳಿ ಲೋಹ: ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಅವರು ಮಾಡಬೇಕಾದ ಖರ್ಚು ಒಂದು ಒಳ್ಳೆಯ ಬೋರ್ಡು ಮತ್ತು ಒಂದು ಹೊಸ ತಂತಿ, ಅಷ್ಟೇ. ಅದಕ್ಕೂ ಮೊದಲು ಬೇರೊಬ್ಬರು ಮದರ್‌ಬೋರ್ಡ್ ಬದಲಿಸಲು ಹೇಳಿದ್ದ ಮೊತ್ತವನ್ನು ಇಲ್ಲಿ ಬರೆಯದಿರುವುದೇ ಮೇಲು.

ನಿಮ್ಮ ಯಂತ್ರ ದುಬೈನದು ಎಂಬುದು ನನ್ನ ಅನುಮಾನವನ್ನು ಇನ್ನಷ್ಟು ಬಲಪಡಿಸುತ್ತದೆ. ಅಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಮಾದರಿಯ, ಚಪ್ಪಟೆಯಾದ ಮೂರು ಪಿನ್ನಿನ ದಪ್ಪ ಪ್ಲಗ್. ನಮ್ಮಲ್ಲಿ ದುಂಡು ಪಿನ್ನು. ಹಾಗಾಗಿ ನೀವು ಒಂದೋ ಕನ್ವರ್ಟರ್ ಪಿನ್ ಹಾಕಿರುತ್ತೀರಿ, ಇಲ್ಲವೇ ಎಲ್ಲ ಪಿನ್ನೂ ಹಿಡಿಸುವ ಬೋರ್ಡನ್ನು ಬಳಸುತ್ತಿದ್ದೀರಿ. ಎಲ್ಲ ಆಕಾರದ ಪಿನ್ನುಗಳಿಗೂ ಜಾಗ ಕೊಡಬೇಕಾದ ಸಾಕೆಟ್ಟು ಯಾವ ಪಿನ್ನನ್ನೂ ಪೂರ್ತಿ ತಬ್ಬಿ ಹಿಡಿಯಲಾರದು; ಎರಡೋ ಮೂರೋ ಬಿಂದುಗಳಲ್ಲಿ ತಾಗಿಕೊಂಡಿರುತ್ತದೆ. ಮೇಲಾಗಿ ಆ ಭಾರದ ಪ್ಲಗ್ಗು ಕನ್ವರ್ಟರಿನ ತುದಿಯಲ್ಲಿ ಜೋತುಬಿದ್ದು ಹಗಲಿರುಳೂ ಅದನ್ನು ಕೆಳಗೆ ಎಳೆಯುತ್ತಿರುತ್ತದೆ.

ಕನ್ವರ್ಟರನ್ನು ಬದಲಿಸುವ ಬದಲು ತಂತಿಯನ್ನೇ ಬದಲಿಸಿ. ಪಿಎಸ್ 5ರ ಪವರ್ ತಂತಿ ಕಳಚಿ ಬರುತ್ತದೆ. ಯಂತ್ರದ ಕಡೆಯ ತುದಿ 8ರ ಅಂಕಿಯ ಆಕಾರದಲ್ಲಿರುತ್ತದೆ, ಅಂಗಡಿಯಲ್ಲಿ ಸಿ7 ಎಂದರೂ ತಿಳಿಯುತ್ತದೆ, ಟೇಪ್‌ರೆಕಾರ್ಡರ್ ತಂತಿ ಎಂದರೆ ಹಳಬರಿಗೆ ಇನ್ನೂ ಬೇಗ ತಿಳಿಯುತ್ತದೆ. ಅದರ ಮೇಲೆ 2.5 ಆಂಪಿಯರ್ ಎಂದೂ ಐಎಸ್‌ಐ ಗುರುತೂ ಅಚ್ಚಾಗಿದೆಯೇ ನೋಡಿಕೊಳ್ಳಿ. ಗೋಡೆಯ ಕಡೆಯ ತುದಿ ನಮ್ಮ ದೇಶದ ಮೂರು ಪಿನ್ನಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಈ ಯಂತ್ರಕ್ಕೆ ಅರ್ಥಿಂಗ್ ಬೇಕಿಲ್ಲ, ಮೂರನೆಯ ಪಿನ್ನಿನಲ್ಲಿ ವಿದ್ಯುತ್ತೂ ಹರಿಯುವುದಿಲ್ಲ. ಆದರೆ ಅದು ಪ್ಲಗ್ಗು ಅಲ್ಲಾಡದಂತೆ ಗೂಟದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರದ ಕಡೆಯ ತುದಿಯನ್ನು ಕೊನೆಯವರೆಗೆ ಒತ್ತಿ. ಎರಡು ಮೂರು ಮಿಲಿಮೀಟರ್ ಹೊರಗೆ ಉಳಿದರೂ ಯಂತ್ರ ಹೊತ್ತಿಕೊಳ್ಳುತ್ತದೆ, ಯಾರಾದರೂ ಟಿವಿ ಮೇಜಿಗೆ ಕಾಲು ತಾಗಿಸುವವರೆಗೆ ನಡೆಯುತ್ತದೆ.

ಈಗ ಪರೀಕ್ಷೆಗೆ ಬರೋಣ. ಹೊಸ ತಂತಿಯನ್ನು ಬೋರ್ಡಿಗೆ ಸಿಕ್ಕಿಸದೆ ನೇರವಾಗಿ ಗೋಡೆಯ 6 ಆಂಪಿಯರ್ ಸಾಕೆಟ್ಟಿಗೆ ಹಾಕಿ, ನಾಲ್ಕು ಸಂಜೆ ಅದೇ ಆಟವನ್ನು ಅದೇ ಹೊತ್ತಿನಲ್ಲಿ ಆಡಿಸಿ. ಟಿವಿ ಅದರ ಪಾಡಿಗೆ ಬೋರ್ಡಿನಲ್ಲೇ ಇರಲಿ. ಒಂದು ಗಂಟೆಯ ಆಟದ ನಂತರ ಯಂತ್ರವನ್ನು ಕ್ರಮವಾಗಿ ಮುಚ್ಚಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತು ಪಿನ್ನುಗಳನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳಿಡಲಾಗದಷ್ಟು ಬಿಸಿಯಾಗಿದ್ದರೆ ಗೋಡೆಯ ಸಾಕೆಟ್ಟೂ ಸವೆದಿದೆ ಎಂದು ಅರ್ಥ, ಅದನ್ನು ಎಲೆಕ್ಟ್ರಿಷಿಯನ್ ಕೈಲಿ ಬದಲಿಸಿಸಿ. ಆಟ ನಡೆಯುವಾಗ ಸ್ವಿಚ್‌ಬೋರ್ಡಿನ ಬಳಿ ಕಿವಿಗೊಟ್ಟರೆ ಚಿರ್ ಎಂಬ ಸಣ್ಣ ಸದ್ದು ಕೇಳಿಸುತ್ತದೆಯೇ, ಸುಟ್ಟ ವಾಸನೆ ಬರುತ್ತದೆಯೇ ಎಂಬುದನ್ನೂ ಗಮನಿಸಿ. ನಾಲ್ಕು ಸಂಜೆಯೂ ಯಂತ್ರ ಆರದಿದ್ದರೆ ಕಳ್ಳ ಸಿಕ್ಕಂತೆ.

ಸಂಖ್ಯೆಗಳಲ್ಲಿ ನೋಡಬೇಕೆಂದಿದ್ದರೆ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಡಿಜಿಟಲ್ ವೋಲ್ಟ್‌ಮೀಟರ್ ಒಂದನ್ನು ತನ್ನಿ. ಮಲ್ಟಿಮೀಟರಿನ ಕಡ್ಡಿಗಳನ್ನು ತೂತಿಗೆ ಚುಚ್ಚುವ ಕೆಲಸವನ್ನು ಅಭ್ಯಾಸವಿಲ್ಲದವರು ಮಾಡುವುದು ಬೇಡ. ಶಿರಾದ ಆ ಮನೆಯವರಿಗೆ ಇದನ್ನೇ ಹೇಳಿ ಅಳತೆ ಬರೆಸಿಕೊಂಡಿದ್ದೆ. ಆಟ ನಡೆಯುತ್ತಿರುವಾಗ ಗೋಡೆಯ ಸಾಕೆಟ್ಟಿನಲ್ಲಿ 184 ವೋಲ್ಟ್ ಇತ್ತು, ಅದೇ ಹೊತ್ತಿಗೆ ಬೋರ್ಡಿನ ತುದಿಯ ತೂತಿನಲ್ಲಿ 176. ಎಂಟು ವೋಲ್ಟ್ ದಾರಿಯಲ್ಲೇ ಕಾಣೆಯಾಗಿತ್ತು. ಟಿವಿ ಮತ್ತು ಕನ್ಸೋಲ್ ಸೇರಿ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತಿದ್ದವು ಎಂದರೆ ಹನ್ನೆರಡು ವ್ಯಾಟ್, ಒಂದು ದೊಡ್ಡ ಎಲ್‌ಇಡಿ ಬಲ್ಬಿಗೆ ಸಾಕಾಗುವಷ್ಟು ಶಕ್ತಿ, ಆ ಬೋರ್ಡು ಮತ್ತು ಅದರ ತಂತಿಯೊಳಗೆ ಬಿಸಿಯಾಗಿ ಕರಗುತ್ತಿತ್ತು. ಒಳ್ಳೆಯ ತಾಮ್ರದ, ಮುಕ್ಕಾಲು ಚದರ ಮಿಲಿಮೀಟರಿನ ಮೂರು ಮೀಟರ್ ತಂತಿಯಲ್ಲಿ ಇಷ್ಟು ಭಾರಕ್ಕೆ ಅರ್ಧ ವೋಲ್ಟೂ ಇಳಿಯಬಾರದು. ನಿಮ್ಮಲ್ಲಿ ಗೋಡೆಗೂ ಬೋರ್ಡಿಗೂ ಮೂರು ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಆ ಬೋರ್ಡನ್ನು ಬೇರೆ ಯಾವುದಕ್ಕೂ ಬಳಸದೆ ಎಸೆಯಿರಿ. ಮನೆಯಲ್ಲಿ ಕೆಟ್ಟ ಬೋರ್ಡುಗಳು ಸಾಯುವುದಿಲ್ಲ, ಅಟ್ಟಕ್ಕೆ ಹೋಗಿ ಹಬ್ಬದ ಸೀರಿಯಲ್ ಸೆಟ್ಟಿಗೆಂದು ಮರಳಿ ಬರುತ್ತವೆ.

ಬೋರ್ಡು ಬೇಕೇ ಬೇಕಾದರೆ ಭಾರತೀಯ ಪಿನ್ನುಗಳಿಗೆ ಮಾತ್ರ ಮಾಡಿದ, ಐಎಸ್‌ಐ ಗುರುತಿನ, ಕೈಯಲ್ಲಿ ಹಿಡಿದರೆ ತೂಕ ತಿಳಿಯುವಂಥದ್ದನ್ನು ಕೊಳ್ಳಿ. ‘ಸ್ಪೈಕ್ ಗಾರ್ಡ್ ಇದೆ, ಇನ್ನು ಸ್ಟೆಬಿಲೈಸರ್ ಏಕೆ’ ಎಂದು ಕೇಳುವವರಿದ್ದಾರೆ. ಎರಡರ ಕೆಲಸವೂ ಬೇರೆ. ಸ್ಪೈಕ್ ಗಾರ್ಡಿನ ಒಳಗಿರುವ ಸಣ್ಣ ಬಿಲ್ಲೆಯಂಥ ಭಾಗವು ಕಣ್ಣೆವೆಯಿಕ್ಕುವುದರೊಳಗೆ ಬಂದು ಹೋಗುವ ಭಾರಿ ಏರಿಕೆಯನ್ನು ಹೀರಿಕೊಳ್ಳುತ್ತದೆ, ಪ್ರತಿ ಬಾರಿಯೂ ಸ್ವಲ್ಪ ಸವೆಯುತ್ತದೆ. 180ನ್ನು ಅದು 230 ಮಾಡುವುದಿಲ್ಲ, ಗಂಟೆಗಟ್ಟಲೆ ನಿಲ್ಲುವ 260ನ್ನು ತಡೆಯುವುದೂ ಇಲ್ಲ. ಕನ್ಸೋಲ್ ತಯಾರಕರೇ ಯಂತ್ರವನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಲು ಹೇಳುತ್ತಾರೆ ಎಂಬುದನ್ನು ಇಲ್ಲಿ ನೆನೆಯಬಹುದು.

ತಂತಿ, ಬೋರ್ಡು ಸರಿಯಾದ ಮೇಲೆ ಸ್ಟೆಬಿಲೈಸರಿನ ಸರದಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ರಾತ್ರಿಯ 250. ಮನೆಗಳಿಗೆ ಬರಬೇಕಾದ ವೋಲ್ಟೇಜು 230, ಅದಕ್ಕೆ ಶೇ. 6ರಷ್ಟು ಹೆಚ್ಚು-ಕಡಿಮೆಯ ಅವಕಾಶ ಎಂದರೆ 216ರಿಂದ 244. ಪಂಪ್‌ಸೆಟ್ಟುಗಳಿರುವ ಕಡೆ ಮೋಟಾರುಗಳು ಓಡುವ ಹೊತ್ತಿನಲ್ಲಿ ವೋಲ್ಟೇಜು ಕುಸಿಯುತ್ತದೆ. ಸಿಂಗಲ್ ಫೇಸ್ ಇರುವಾಗಲೂ ಕಂಡೆನ್ಸರ್ ಹಾಕಿ ಮೋಟಾರು ಓಡಿಸುವವರಿದ್ದರೆ ಇನ್ನಷ್ಟು ಕುಸಿಯುತ್ತದೆ. ಅವೆಲ್ಲ ಒಟ್ಟಿಗೆ ನಿಂತಾಗ, ಭಾರದಲ್ಲೂ ಸಾಕಷ್ಟು ವೋಲ್ಟೇಜು ಉಳಿಯಲೆಂದು ಎತ್ತರಕ್ಕೆ ಹೊಂದಿಸಿದ್ದ ಟ್ರಾನ್ಸ್‌ಫಾರ್ಮರಿನ ಪೂರ್ತಿ ವೋಲ್ಟೇಜು ಮನೆಗಳಿಗೆ ನುಗ್ಗುತ್ತದೆ. ಕೆಳಗಿನ ಮಿತಿಯ ಕಡೆ ಕನ್ಸೋಲಿಗೆ ವಿಶಾಲ ಮೈದಾನವಿದ್ದರೆ ಮೇಲಿನ ಮಿತಿಯ ಕಡೆ ಇರುವುದು ಓಣಿಯಷ್ಟು ಜಾಗ. 240 ಎಂದು ಬರೆದ ಯಂತ್ರ 250ನ್ನೂ 260ನ್ನೂ ಹೇಗೋ ತಾಳಿಕೊಳ್ಳಬಹುದು, ಅದರ ಮೇಲೆ ಪ್ರತಿ ರಾತ್ರಿಯೂ ಕೆಪಾಸಿಟರಿನ ಆಯುಷ್ಯ ಕರಗುತ್ತದೆ. ಹೆಚ್ಚು ವೋಲ್ಟೇಜು ಯಂತ್ರವನ್ನು ಆಗಾಗ ಆರಿಸಿ ಎಚ್ಚರಿಸುವುದಿಲ್ಲ, ಒಂದು ದಿನ ಸುಮ್ಮನೆ ಮುಗಿಸುತ್ತದೆ.

ಒಳ್ಳೆಯ ಸ್ಟೆಬಿಲೈಸರ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಒಳಗಿನ ಆಟೋ ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ಹಲವು ಮೆಟ್ಟಿಲುಗಳಿದ್ದು, ಬರುವ ವೋಲ್ಟೇಜನ್ನು ನೋಡಿಕೊಂಡು ರಿಲೇಗಳು ಮೆಟ್ಟಿಲು ಬದಲಿಸಿ ಹೊರಹೋಗುವುದನ್ನು 230ರ ಸುತ್ತಮುತ್ತ ಇಡುತ್ತವೆ. ಕೈಗೆ ಮೀರಿ ಏರಿದಾಗ ಹೈ ಕಟ್ ಎಂಬ ವ್ಯವಸ್ಥೆ ಸಂಪರ್ಕವನ್ನೇ ಕಡಿಯುತ್ತದೆ. ಆಗ ಮಗನ ಆಟ ಮತ್ತೆ ಅರ್ಧಕ್ಕೆ ನಿಲ್ಲುತ್ತದೆ ನಿಜ. ಆದರೆ ಅದು ಯಂತ್ರವನ್ನು ಉಳಿಸಲೆಂದು ಆರಿಸಿದ್ದು ಎಂದು ಅವನಿಗೆ ತಿಳಿಸಿ ಹೇಳಿ. ಕಂಬದಲ್ಲೋ ಮೀಟರಿನಲ್ಲೋ ನ್ಯೂಟ್ರಲ್ ಸಡಿಲವಾದರೆ ಮನೆಗೆ 300 ವೋಲ್ಟಿಗಿಂತ ಹೆಚ್ಚು ಬರುವುದುಂಟು, ಹೈ ಕಟ್ ಇಲ್ಲದ ಮನೆಯಲ್ಲಿ ಟಿವಿ, ಫ್ರಿಜ್ಜು, ಕನ್ಸೋಲು ಎಲ್ಲವೂ ಒಂದೇ ಸಂಜೆ ಸುಡುತ್ತವೆ. ಕೆಲವು ಬಲ್ಬುಗಳು ಕಣ್ಣು ಕೋರೈಸುವಂತೆ ಉರಿದು, ಪಕ್ಕದ ಮನೆಯಲ್ಲೋ ಇನ್ನೊಂದು ಫೇಸಿನಲ್ಲೋ ಮಂಕಾದರೆ ಕಾಯಬೇಡಿ, ಮೇನ್ ಸ್ವಿಚ್ ಇಳಿಸಿ 1912ಕ್ಕೆ ಕರೆ ಮಾಡಿ.

ಆಯ್ಕೆಯ ವಿಷಯದಲ್ಲಿ, 4 ಕೆವಿಎ ಎನ್ನುವುದು ಎಸಿಗೆ ಹಾಕುವ ಗಾತ್ರ. ನಿಮ್ಮ ಕನ್ಸೋಲು ಮತ್ತು ಟಿವಿ ಎರಡಕ್ಕೂ ಸೇರಿ 350 ವ್ಯಾಟ್ ದಾಟುವುದು ಕಷ್ಟ. ಎಲ್‌ಇಡಿ ಟಿವಿಗೆಂದು ಮಾರುವ 3 ಆಂಪಿಯರಿನ ಸ್ಟೆಬಿಲೈಸರ್ ಸುಮಾರು 700 ವಿಎ ಭಾರ ಹೊರುತ್ತದೆ. ಬರುವ ವೋಲ್ಟೇಜು ತೀರ ಕಡಿಮೆಯಾದಾಗ ಅದರ ಸಾಮರ್ಥ್ಯವೂ ತಗ್ಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಅದು ನಿಮಗೆ ಸಾಕು. ಗಾತ್ರಕ್ಕಿಂತ ಪೆಟ್ಟಿಗೆಯ ಮೇಲಿನ ವರ್ಕಿಂಗ್ ರೇಂಜನ್ನು ಓದಿ. ನಿಮ್ಮಲ್ಲಿ ಕನಿಷ್ಠ 180, ಗರಿಷ್ಠ 250 ಎಂದು ಹೇಳಿದ್ದೀರಿ. ಬೇಸಿಗೆಯಲ್ಲಿ ಇನ್ನೂ ಇಳಿಯುತ್ತದೆ ಎಂದಿಟ್ಟುಕೊಂಡು 140ರಿಂದ 290ರವರೆಗೆ ಕೆಲಸ ಮಾಡುವಂಥದ್ದು, ಹೈ ಕಟ್ ಇರುವಂಥದ್ದು ಸರಿಹೊಂದುತ್ತದೆ. ಫ್ರಿಜ್ಜಿನ ಸ್ಟೆಬಿಲೈಸರಿಗೆ ಕನ್ಸೋಲನ್ನೂ ಸೇರಿಸುವ ಯೋಚನೆ ಬೇಡ. ಕಂಪ್ರೆಸರ್ ಹೊತ್ತಿಕೊಳ್ಳುವ ಪ್ರತಿ ಸಲವೂ ಅಲ್ಲಿ ವೋಲ್ಟೇಜು ಜಗ್ಗುತ್ತದೆ, ಮತ್ತು ಕಂಪ್ರೆಸರಿನ ಸಲುವಾಗಿ ಅದರಲ್ಲಿ ಮೂರು ನಿಮಿಷ ತಡಮಾಡಿ ಕರೆಂಟು ಕೊಡುವ ವ್ಯವಸ್ಥೆಯೂ ಇರುತ್ತದೆ.

ಜೋಡಿಸುವಾಗ ಬಹಳ ಜನ ಮಾಡುವ ತಪ್ಪೊಂದಿದೆ. ಸ್ಟೆಬಿಲೈಸರನ್ನು ತಂದು ಅದೇ ಹಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುತ್ತಾರೆ. ಸ್ಟೆಬಿಲೈಸರ್ 180ನ್ನು 230ಕ್ಕೆ ಏರಿಸಿಕೊಟ್ಟರೂ ಆ ಹೆಚ್ಚುವರಿ ವೋಲ್ಟೇಜನ್ನು ಅದು ಗಾಳಿಯಿಂದ ತರುವುದಿಲ್ಲ, ಗೋಡೆಯ ಕಡೆಯಿಂದ ಹೆಚ್ಚು ಆಂಪಿಯರ್ ಎಳೆದುಕೊಂಡೇ ಕೊಡುತ್ತದೆ; ಜೊತೆಗೆ ತನ್ನ ಸುರುಳಿಯ ನಷ್ಟವನ್ನೂ ಸೇರಿಸುತ್ತದೆ. ಅಂದರೆ ಸಡಿಲ ತೂತಿನ ಮೇಲಿನ ಹೊರೆ ತುಸುವೂ ಇಳಿಯಲಿಲ್ಲ, ಬದಲಿಗೆ ಏರಿತು. ಆದ್ದರಿಂದ ಗೋಡೆಯ ಸಾಕೆಟ್ಟಿಗೆ ಸ್ಟೆಬಿಲೈಸರಿನ ಪ್ಲಗ್ಗು, ಸ್ಟೆಬಿಲೈಸರಿನ ಸಾಕೆಟ್ಟಿಗೆ ನೇರವಾಗಿ ಕನ್ಸೋಲು. ನಡುವೆ ಬೋರ್ಡು ಬೇಡ.

ಅದರ ಮಿತಿಗಳನ್ನೂ ಹೇಳಿಬಿಡುತ್ತೇನೆ. ರಿಲೇ ಮೆಟ್ಟಿಲು ಬದಲಿಸುವಾಗ ಕೇಳುವ ಟಕ್ ಸದ್ದಿನ ಜೊತೆಗೆ ಸುಮಾರು ಹತ್ತು ಮಿಲಿಸೆಕೆಂಡು ವಿದ್ಯುತ್ತು ಕಡಿದಿರುತ್ತದೆ. ಆರೋಗ್ಯವಂತ ಕನ್ಸೋಲ್ ಅದನ್ನು ದಾಟಿಕೊಳ್ಳುತ್ತದೆ. ಆದರೆ ವೋಲ್ಟೇಜು ನಿಮಿಷಕ್ಕೆ ಹತ್ತು ಬಾರಿ ಕುಣಿಯುವ ಊರಿನಲ್ಲಿ, ರಿಲೇ ಹಳತಾಗಿ ತಡವರಿಸುವಾಗ, ಸ್ಟೆಬಿಲೈಸರೇ ಆರುವಿಕೆಯ ಕಾರಣವಾಗುವುದನ್ನೂ ನೋಡಿದ್ದೇನೆ. ನಿಮ್ಮಲ್ಲಿ ಟಕ್ ಎಂದ ಕ್ಷಣವೇ ಯಂತ್ರ ಆರಿದರೆ ಅನುಮಾನ ಅದರ ಮೇಲೆಯೇ ಇರಲಿ. ಸರ್ವೋ ಮಾದರಿಯಲ್ಲಿ ಈ ಕಡಿತವಿಲ್ಲ, ಆದರೆ ಒಂದು ಕನ್ಸೋಲಿಗಾಗಿ ಅಷ್ಟು ಖರ್ಚನ್ನು ನಾನು ಸಲಹೆ ಮಾಡುವುದಿಲ್ಲ. ಇನ್ನು ಕರೆಂಟೇ ಹೋದರೆ ಯಾವ ಸ್ಟೆಬಿಲೈಸರೂ ಏನೂ ಮಾಡಲಾರದು, ಸಿಡಿಲಿನ ದಿನಗಳಲ್ಲಿ ಪ್ಲಗ್ಗು ಕೀಳುವುದಕ್ಕೆ ಪರ್ಯಾಯವೂ ಇಲ್ಲ.

ಪದೇ ಪದೇ ಕರೆಂಟು ಹೋಗುವ ಕಡೆ ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್ ಒಂದು ಐದು ನಿಮಿಷದ ಆಸುಪಾಸು ಕೊಡುತ್ತದೆ. ಆಟ ಸೇವ್ ಮಾಡಿ ಯಂತ್ರವನ್ನು ಕ್ರಮವಾಗಿ ಮುಚ್ಚಲು ಅಷ್ಟು ಸಾಕು. ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಇದ್ದರೆ ಅದರ ಹಿಂಬದಿಯಲ್ಲೋ ಮುಂಬದಿಯಲ್ಲೋ ಯುಪಿಎಸ್ ಮತ್ತು ನಾರ್ಮಲ್ ಎಂಬ ಎರಡು ಸ್ಥಾನಗಳ ಸ್ವಿಚ್ಚು ಇದೆಯೇ ಹುಡುಕಿ. ನಾರ್ಮಲ್ ಸ್ಥಾನದಲ್ಲಿ ಬ್ಯಾಟರಿಗೆ ಬದಲಾಗಲು ಕನ್ಸೋಲಿನ ತಾಳ್ಮೆ ಮೀರುವಷ್ಟು ಹೊತ್ತು ಹಿಡಿಯುತ್ತದೆ, ಯುಪಿಎಸ್ ಸ್ಥಾನದಲ್ಲಿ ಬೇಗ ಬದಲಾಗುತ್ತದೆ. ಇದರಲ್ಲೂ ಒಂದು ತೊಡಕಿದೆ: ಯುಪಿಎಸ್ ಸ್ಥಾನದಲ್ಲಿ ಇನ್ವರ್ಟರ್ ಸಾಮಾನ್ಯವಾಗಿ 180 ವೋಲ್ಟಿಗಿಂತ ಕೆಳಗಿನದನ್ನು ಒಪ್ಪುವುದಿಲ್ಲ. ನಿಮ್ಮ ಸಂಜೆಯ ವೋಲ್ಟೇಜು ಸರಿಯಾಗಿ ಆ ಗೆರೆಯ ಮೇಲೆಯೇ ನಿಂತಿದೆ. ಹಾಗೆ ಇಟ್ಟರೆ ಕರೆಂಟು ಇದ್ದೂ ಇನ್ವರ್ಟರ್ ಬ್ಯಾಟರಿಗೆ ಹೋಗಿ ಬಂದು ಮಾಡುತ್ತಾ ರಾತ್ರಿ ಊಟದ ಹೊತ್ತಿಗೆ ಬ್ಯಾಟರಿ ಖಾಲಿ ಮಾಡಿಟ್ಟಿರುತ್ತದೆ.

ಇಷ್ಟೆಲ್ಲ ಸರಿಹೋಗುವವರೆಗೆ ಯಂತ್ರವನ್ನು ರೆಸ್ಟ್ ಮೋಡ್‌ನಲ್ಲಿ ಬಿಡಬೇಡಿ, ಪೂರ್ತಿ ಆರಿಸಿ. ಕಿತ್ತಳೆ ಬಣ್ಣದ ದೀಪ ಉರಿಯುತ್ತಿರುವಾಗ ಅದು ಒಳಗೊಳಗೆ ಅಪ್‌ಡೇಟ್ ಇಳಿಸಿಕೊಳ್ಳುತ್ತಿರಬಹುದು, ಆಗ ಕರೆಂಟು ಕಡಿದರೆ ಬರೆಯುತ್ತಿದ್ದ ಕಡತ ಹಾಳಾಗಬಹುದು. ಮತ್ತೆ ಹೊತ್ತಿಸಿದಾಗ ಯಂತ್ರ ತನ್ನ ಸಂಗ್ರಹವನ್ನು ಪರೀಕ್ಷಿಸಿಕೊಳ್ಳುವ ಸಂದೇಶ ತೋರಿಸಿದರೆ ಅದು ಮುಗಿಯುವವರೆಗೆ ಬಿಡಿ. ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಿದ್ದರೆ ಸದ್ಯಕ್ಕೆ ಕಳಚಿಡುವುದು ಒಳ್ಳೆಯದು.

ಗೋಡೆಗೆ ನೇರವಾಗಿ, ಹೊಸ ತಂತಿಯಲ್ಲಿ ಹಾಕಿದ ಮೇಲೂ ಆರುತ್ತಿದ್ದರೆ ಯಂತ್ರವನ್ನು ಪೇಟೆಯಲ್ಲಿರುವ ನೆಂಟರ ಮನೆಗೆ ಎರಡು ದಿನ ಕಳುಹಿಸಿ, ಅದೇ ಹೊಸ ತಂತಿಯೊಂದಿಗೆ. ಅಲ್ಲಿ ಸರಿಯಾಗಿ ನಡೆದರೆ ದೋಷ ನಿಮ್ಮ ಮನೆಯ ವೈರಿಂಗಿನಲ್ಲಿದೆ, ಎಲೆಕ್ಟ್ರಿಷಿಯನ್ ಬಂದು ಆ ಕೋಣೆಯ ಸ್ವಿಚ್‌ಬೋರ್ಡಿನಿಂದ ಮೀಟರಿನವರೆಗಿನ ಸ್ಕ್ರೂಗಳನ್ನು ಬಿಗಿ ಮಾಡಬೇಕು, ಮೊದಲು ನ್ಯೂಟ್ರಲ್‌ನವನ್ನು. ಅಲ್ಲಿಯೂ ಆರಿದರೆ ಆಗ ಸರ್ವಿಸ್‌ಗೆ ಒಯ್ಯಿರಿ, ಆದರೆ ಮದರ್‌ಬೋರ್ಡ್ ಎಂಬ ಮಾತು ಬರುವ ಮೊದಲು ಪವರ್ ಸಪ್ಲೈಯನ್ನೂ ತಂತಿ ಕೂರುವ ಜಾಗದ ಬೆಸುಗೆಯನ್ನೂ ನೋಡಲು ಹೇಳಿ. ಮನೆಯಲ್ಲಿ ಮಾತ್ರ ಬಿಚ್ಚಬೇಡಿ: ಪ್ಲಗ್ಗು ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಮುನ್ನೂರಕ್ಕಿಂತ ಹೆಚ್ಚು ವೋಲ್ಟು ಸ್ವಲ್ಪ ಹೊತ್ತು ಉಳಿದಿರುತ್ತದೆ.